ದೃಢೀಕರಿಸಿದ ನಡಾವಳಿಗೆ ತಿದ್ದುಪಡಿ ಠರಾವು: ನನ್ನ ಅನುಭವ

ನಡಾವಳಿ ಒಮ್ಮೆ ದೃಢೀಕರಣವಾದ ಮೇಲೆ ಅದರಲ್ಲಿ ತಪ್ಪು ಕಂಡರೆ ನಮ್ಮ ಕಡೆಯ ಸಂಘಗಳಲ್ಲಿ ಎರಡೇ ರೂಢಿ. ಒಂದು, ವೈಟ್ನರ್ ಬಳಿದು ಮೇಲೆ ಬರೆಯುವುದು. ಇನ್ನೊಂದು, ಲೆಕ್ಕ ಪರಿಶೋಧಕರು ಕೇಳುವವರೆಗೆ ತೆಪ್ಪಗಿರುವುದು. ಹಳೆಯ ಪುಟವನ್ನು ಮುಟ್ಟದೆ, ಹೊಸ ಸಭೆಯಲ್ಲಿ ತಿದ್ದುಪಡಿ ಠರಾವು ಮಾಡೋಣ ಎಂದು ನಾನು ಹೇಳಿದಾಗ ಸಮಿತಿಯಲ್ಲಿ ನಕ್ಕವರೇ ಹೆಚ್ಚು. ಈಗ ಅದೇ ಒಕ್ಕಣೆಯನ್ನು ಪಕ್ಕದ ಎರಡು ಸಂಘದವರು ನನ್ನಿಂದ ಕೇಳಿ ಪಡೆದಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ನಮ್ಮದು ವಿರಾಜಪೇಟೆ ಕಡೆಯ ಒಂದು ಸಣ್ಣ ಬೆಳೆಗಾರರ ಸಂಘ. ಹದಿಮೂರು ಜನರ ಕಾರ್ಯಕಾರಿ ಸಮಿತಿ, ನಾನು ಕಾರ್ಯದರ್ಶಿ. ಗೋದಾಮಿನ ಛಾವಣಿಯ ಶೀಟು ಬದಲಿಸಲು ಫೆಬ್ರವರಿಯಲ್ಲಿ ಮೂರು ದರಪಟ್ಟಿ ತರಿಸಿ, ಕಡಿಮೆ ದರದವರಿಗೆ ಕೆಲಸ ಕೊಟ್ಟೆವು. ಆ ದರ 3,26,000 ರೂಪಾಯಿ. ಕರಡಿನಿಂದ ಪುಸ್ತಕಕ್ಕೆ ಇಳಿಸುವಾಗ ಅದು 3,62,000 ಆಯಿತು. ಅಕ್ಷರದಲ್ಲಿ ಮೊತ್ತ ಬರೆದಿರಲಿಲ್ಲ. ಮಾರ್ಚ್ ಸಭೆಯಲ್ಲಿ ಎಂದಿನಂತೆ ‘ಓದಿ ದೃಢೀಕರಿಸಲಾಯಿತು’ ಎಂದಾಯಿತು. ರೊಬಸ್ಟಾ ಕೊಯ್ಲಿನ ದಣಿವಿನಲ್ಲಿದ್ದ ಜನ, ಯಾರೂ ಕಿವಿಗೊಟ್ಟು ಕೇಳಿದಂತಿಲ್ಲ.

ಮೇ ತಿಂಗಳಲ್ಲಿ ಗುತ್ತಿಗೆದಾರರ ಅಂತಿಮ ಬಿಲ್ಲು ಬಂತು, 3,26,000ಕ್ಕೇ. ಆದರೆ ಸಾಲ ಕೊಟ್ಟ ಬ್ಯಾಂಕಿನಲ್ಲಿ ಇದ್ದದ್ದು ನಮ್ಮ ಮೊಹರು ಬಿದ್ದ 3,62,000ದ ನಡಾವಳಿ ಪ್ರತಿ. ಎರಡೂ ತಾಳೆಯಾಗಲಿಲ್ಲ, ಕೊನೆಯ ಕಂತು ನಿಂತಿತು. ಸುಮಾರು ಒಂದು ಲಕ್ಷದ ಹತ್ತಿರದ ಮೊತ್ತ. ಊರಿನಲ್ಲಿ ಅಷ್ಟರಲ್ಲಿ ಇನ್ನೊಂದು ಲೆಕ್ಕ ಶುರುವಾಗಿತ್ತು: ಮೂವತ್ತಾರು ಸಾವಿರ ಯಾರ ಜೇಬಿಗೆ ಹೋಯಿತು?

ವ್ಯತ್ಯಾಸ 36,000 ಎಂದ ಕೂಡಲೇ ನನಗೆ ವಾಸನೆ ಹತ್ತಿತು. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಇಲ್ಲೂ ಆಯಿತು, ನಾಲ್ಕು ಸಾವಿರ ಬಂತು. ಲೆಕ್ಕ ಬರೆಯುವವರಿಗೆಲ್ಲ ಗೊತ್ತಿರುವ ಪರೀಕ್ಷೆ ಇದು. ಆದರೆ ಇದು ಅನುಮಾನಕ್ಕೆ ದಾರಿ ತೋರಿಸುತ್ತದೆಯೇ ಹೊರತು ಪುರಾವೆಯಾಗುವುದಿಲ್ಲ. ಪುರಾವೆ ಸಿಕ್ಕಿದ್ದು ಕಡತದಲ್ಲಿ: ಮೂರೂ ದರಗಳನ್ನು ಅಕ್ಕಪಕ್ಕ ಬರೆದ ತುಲನಾತ್ಮಕ ಪಟ್ಟಿ. ಫೆಬ್ರವರಿ ಸಭೆಯ ದಿನವೇ ಹಾಜರಿದ್ದವರೆಲ್ಲ ಅದರ ಕೆಳಗೆ ಸಹಿ ಹಾಕಿದ್ದರು. ಅದರಲ್ಲಿ 3,26,000 ಎಂದು ಸ್ಪಷ್ಟವಾಗಿತ್ತು. ಆ ಒಂದು ಹಾಳೆ ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಅಧ್ಯಕ್ಷರು ಹಿರಿಯರು, ಒಳ್ಳೆಯವರು. ‘ಇಷ್ಟಕ್ಕೆ ಯಾಕೆ ರಂಪ? ಅಂಕಿ ತಿದ್ದಿ, ಪಕ್ಕದಲ್ಲಿ ನಾನೊಂದು ಸಹಿ ಹಾಕುತ್ತೇನೆ, ಹೊಸ ಪ್ರತಿ ಬ್ಯಾಂಕಿಗೆ ಕೊಡು’ ಎಂದರು. ಖಜಾಂಚಿಯೂ ತಲೆಯಾಡಿಸಿದರು. ನಾನು ಅಧ್ಯಕ್ಷರನ್ನು ಕಿಟಕಿಯ ಬಳಿ ಕರೆದುಕೊಂಡು ಹೋಗಿ, ಹಲವು ವರ್ಷ ಹಿಂದೆ ಯಾರೋ ವೈಟ್ನರ್ ಬಳಿದಿದ್ದ ಒಂದು ಪುಟವನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ತೋರಿಸಿದೆ. ಹಳೆಯ ಅಂಕಿ ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಆದರೆ ಪೂರ್ತಿ ಓದಲು ಬರುವಂತೆ ಕಾಣಿಸಿತು. ‘ಮಾಮ, ಇದನ್ನು ಯಾರು, ಯಾವಾಗ, ಯಾಕೆ ತಿದ್ದಿದರು ಎಂದು ಇವತ್ತು ನಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೇ?’ ಎಂದು ಕೇಳಿದೆ. ಗೊತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಬೇರೆ. ಪುಸ್ತಕ ನಮ್ಮ ಕಪಾಟಿನಲ್ಲಿದ್ದರೂ ಅದರ ಪ್ರತಿ ಆಗಲೇ ಬ್ಯಾಂಕಿಗೆ ಹೋಗಿತ್ತು, ಲೆಕ್ಕ ಪರಿಶೋಧಕರ ಕಡತದಲ್ಲೂ ಒಂದಿತ್ತು. ಈಗ ಪುಟ ತಿದ್ದಿದರೆ ಒಂದೇ ಸಭೆಗೆ, ನಮ್ಮದೇ ಸಹಿಯ ಎರಡು ಬೇರೆ ಬೇರೆ ನಡಾವಳಿಗಳು ಹುಟ್ಟುತ್ತವೆ. ಆಗ ಮೂವತ್ತಾರು ಸಾವಿರದ ಗುಸುಗುಸು ನಿಜವೆಂದು ನಾವೇ ಸಾಕ್ಷಿ ಹೇಳಿದ ಹಾಗೆ.

ನಮ್ಮ ಉಪನಿಯಮಗಳಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ನಾನು ಎರವಲು ಪಡೆದದ್ದು ಕಂಪನಿಗಳ ಪದ್ಧತಿಯನ್ನು. ಭಾರತೀಯ ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯ ಎಸ್‌ಎಸ್-1 ಎಂಬ ಮಾನದಂಡದ ಪ್ರಕಾರ, ಪುಸ್ತಕಕ್ಕೆ ಏರಿದ ನಡಾವಳಿಯನ್ನು ಮಂಡಳಿಯ ಮುಂದಿನ ಸಭೆಯೊಂದರ ಸ್ಪಷ್ಟ ಒಪ್ಪಿಗೆಯಿಂದ ಮಾತ್ರ ಬದಲಿಸಬಹುದು. ನಾವು ಕಂಪನಿಯಲ್ಲ, ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೆ ಬ್ಯಾಂಕಿನವರಿಗೂ ಪರಿಶೋಧಕರಿಗೂ ಪರಿಚಿತ ಭಾಷೆ ಅದೇ.

ಮೊದಲ ಯತ್ನ ಮೇ ಕೊನೆಯ ಸಭೆಯಲ್ಲೇ ಬಿದ್ದುಹೋಯಿತು. ವಿಷಯ ಕಾರ್ಯಸೂಚಿಯಲ್ಲಿ ಇರಲಿಲ್ಲ. ‘ಅಧ್ಯಕ್ಷರ ಅನುಮತಿಯಿಂದ ಇತರೆ ವಿಷಯಗಳು’ ಎಂಬಲ್ಲಿ ತೆಗೆದುಕೊಳ್ಳೋಣವೆಂದರು. ನಿವೃತ್ತ ಶಿಕ್ಷಕಿಯಾಗಿರುವ ಸದಸ್ಯರೊಬ್ಬರು, ನಾವೆಲ್ಲ ಟೀಚರಕ್ಕ ಎನ್ನುತ್ತೇವೆ, ಎದ್ದು ನಿಂತರು. ‘ಇವತ್ತು ಬಾರದವರು ಐದು ಜನ ಇದ್ದಾರೆ. ಹಣದ ಅಂಕಿ ಬದಲಾಗುತ್ತದೆಂದು ಗೊತ್ತಿದ್ದರೆ ಅವರು ಬರುತ್ತಿರಲಿಲ್ಲವೇ?’ ಆ ಪ್ರಶ್ನೆಗೆ ಉತ್ತರವಿರಲಿಲ್ಲ, ವಿಷಯ ಮುಂದಕ್ಕೆ ಹೋಯಿತು. ಜೂನ್ ಸಭೆಯ ದಿನ ಮಳೆ ಹಿಡಿದುಕೊಂಡಿತ್ತು. ರಸ್ತೆಗೆ ಮರ ಬಿದ್ದು ಆರೇ ಜನ ಬಂದರು, ಕೋರಂಗೆ ಒಬ್ಬರು ಕಡಿಮೆ. ಗುತ್ತಿಗೆದಾರರ ಆಳುಗಳು ಊರಿಗೆ ಹೊರಟು ನಿಂತಿದ್ದರು, ಅವರಿಗೆ ಕೊಡಲು ಸದಸ್ಯರೊಬ್ಬರಿಂದ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿಗೆ ಕೈಗಡ ತಂದೆವು. ಬಡ್ಡಿಗೇ ಮೂರು ಸಾವಿರದ ಆಸುಪಾಸು ಹೋಯಿತು. ನೋಟೀಸು, ಜೆರಾಕ್ಸ್, ಕಾಫಿ ತಿಂಡಿ ಸೇರಿ ಇನ್ನೊಂದು ಎರಡು ಸಾವಿರ. ‘ವೈಟ್ನರ್ ಬಾಟಲಿಗೆ ಮೂವತ್ತು ರೂಪಾಯಿ’ ಎಂದು ಖಜಾಂಚಿ ಪ್ರತಿ ಸಲವೂ ನೆನಪಿಸುತ್ತಿದ್ದರು.

ಜುಲೈ ಸಭೆಗೆ ನೋಟೀಸಿನಲ್ಲೇ ವಿಷಯವನ್ನು ಬಿಡಿಸಿ ಬರೆದೆ. ಬರಿದೇ ‘ನಡಾವಳಿ ತಿದ್ದುಪಡಿ’ ಎಂದಲ್ಲ. ಯಾವ ಸಭೆ, ಯಾವ ಪುಟ, ಎಷ್ಟಿದ್ದದ್ದು ಎಷ್ಟಾಗಬೇಕು ಎಂಬುದೆಲ್ಲ ಅದರಲ್ಲಿತ್ತು. ತುಲನಾತ್ಮಕ ಪಟ್ಟಿಯ ಪ್ರತಿಯನ್ನು ಲಗತ್ತಿಸಿ ಎಲ್ಲ ಹದಿಮೂರು ಜನರಿಗೂ ಕೊಟ್ಟು ಸಹಿ ಪಡೆದೆ. ಠರಾವಿನ ಒಕ್ಕಣೆ ಹೀಗಿತ್ತು:

‘ಫೆಬ್ರವರಿ ತಿಂಗಳ ಸಭೆಯ ನಡಾವಳಿಯ 4ನೇ ವಿಷಯದಲ್ಲಿ “ರೂ. 3,62,000ರ ದರಪಟ್ಟಿಯನ್ನು ಅಂಗೀಕರಿಸಲಾಯಿತು” ಎಂದು ದಾಖಲಾಗಿರುವುದನ್ನು “ರೂ. 3,26,000 (ಮೂರು ಲಕ್ಷದ ಇಪ್ಪತ್ತಾರು ಸಾವಿರ) ದರಪಟ್ಟಿಯನ್ನು ಅಂಗೀಕರಿಸಲಾಯಿತು” ಎಂದು ತಿದ್ದಿ ಓದಿಕೊಳ್ಳತಕ್ಕದ್ದು. ಆಧಾರ: ಅದೇ ದಿನ ಹಾಜರಿದ್ದ ಸದಸ್ಯರು ಸಹಿ ಮಾಡಿದ ತುಲನಾತ್ಮಕ ಪಟ್ಟಿ. ಅಂದಿನ ತೀರ್ಮಾನದಲ್ಲಿ ಯಾವ ಬದಲಾವಣೆಯೂ ಇಲ್ಲ. ದಾಖಲೆಯಲ್ಲಿ ಅಂಕಿ ಸ್ಥಾನಪಲ್ಲಟವಾದುದನ್ನು ಮಾತ್ರ ಸರಿಪಡಿಸಲಾಗಿದೆ.’

ಇದರ ಕೆಳಗೆ ಇನ್ನೊಂದು ವಾಕ್ಯವಿತ್ತು, ಗುತ್ತಿಗೆದಾರರು ಮುಂದೆ ಹಳೆಯ ಅಂಕಿ ಹಿಡಿದು ಬಾರದಂತೆ. ಅದನ್ನು ಇಲ್ಲಿ ಕೊಡುವುದಿಲ್ಲ, ಬೇಕಾದವರು ಮನೆಗೆ ಬಂದು ಕಾಫಿ ಕುಡಿದು ಬರೆದುಕೊಂಡು ಹೋಗಲಿ.

ಸಭೆಯಲ್ಲಿ ಎರಡು ತಕರಾರು ಎದ್ದವು, ಎರಡೂ ಒಳ್ಳೆಯ ತಕರಾರುಗಳೇ. ಫೆಬ್ರವರಿಯಲ್ಲಿ ಗೈರಾಗಿದ್ದವರು ಮತ ಹಾಕಬಹುದೇ ಎಂಬುದು ಮೊದಲನೆಯದು. ಹಾಕಬಹುದು ಎಂದೆ. ತಿದ್ದುತ್ತಿರುವುದು ಸಮಿತಿ, ಅಂದು ಕುಳಿತಿದ್ದ ವ್ಯಕ್ತಿಗಳಲ್ಲ. ಅವರ ಮುಂದೆ ಸಹಿಯಿರುವ ಪಟ್ಟಿ ಇದೆ, ನೆನಪಿನ ಮೇಲೆ ಮತ ಹಾಕಬೇಕಿಲ್ಲ. ಆದರೂ ಒಬ್ಬರು ತಟಸ್ಥರಾಗಿ ಉಳಿದರು, ಅದನ್ನೂ ಹಾಗೆಯೇ ಬರೆದೆ. ಎರಡನೆಯದು ಟೀಚರಕ್ಕನದು: ‘ಹಾಗಾದರೆ ಮಾರ್ಚ್ ನಡಾವಳಿಯನ್ನೂ ತಿದ್ದಬೇಕಲ್ಲವೇ? ತಪ್ಪನ್ನು ದೃಢೀಕರಿಸಿದ್ದು ಅಲ್ಲಿ ತಾನೇ?’ ಬೇಡ. ಮಾರ್ಚ್‌ನಲ್ಲಿ ಆ ಪಾಠವನ್ನು ಓದಿ ದೃಢೀಕರಿಸಿದ್ದು ನಿಜವಾಗಿ ನಡೆದ ಸಂಗತಿ. ಆ ಸಾಲು ಸುಳ್ಳಾಗಿಲ್ಲ, ಅದು ಹಾಗೆಯೇ ಇರಬೇಕು.

ಸೂಚಕರು, ಅನುಮೋದಕರು, ಪರ ಒಂಬತ್ತು, ತಟಸ್ಥ ಒಂದು, ವಿರುದ್ಧ ಯಾರೂ ಇಲ್ಲ. ಈ ಜುಲೈ ನಡಾವಳಿ ದೃಢೀಕರಣವಾಗುವುದು ಆಗಸ್ಟ್‌ನಲ್ಲಿ ಎಂದು ಬ್ಯಾಂಕಿನವರು ಮತ್ತೆ ತಿಂಗಳು ಕಾಯಿಸುವ ಸಂಭವವಿತ್ತು. ಅದಕ್ಕೆ ಆ ಒಂದು ಠರಾವನ್ನು ಸಭೆ ಮುಗಿಯುವ ಮೊದಲೇ ಪುಸ್ತಕಕ್ಕೆ ಇಳಿಸಿ, ಗಟ್ಟಿಯಾಗಿ ಓದಿ, ಒಪ್ಪಿಗೆ ಪಡೆದು, ಅಲ್ಲೇ ಅಧ್ಯಕ್ಷರ ಸಹಿ ಹಾಕಿಸಿದೆ.

ಹಳೆಯ ಪುಟದಲ್ಲಿ 3,62,000 ಇವತ್ತಿಗೂ ಹಾಗೆಯೇ ಇದೆ. ಅದರ ಎಡ ಅಂಚಿನಲ್ಲಿ ಮಾತ್ರ ‘ಜುಲೈ ಸಭೆಯ 3ನೇ ಠರಾವು ನೋಡಿ’ ಎಂದು ಬರೆದು, ಅಧ್ಯಕ್ಷರೂ ನಾನೂ ದಿನಾಂಕ ಸಹಿತ ಚಿಕ್ಕ ಸಹಿ ಮಾಡಿದ್ದೇವೆ. ಅಂಚಿನ ಟಿಪ್ಪಣಿಗೆ ಯಾವ ಪೆನ್ನು ಎಂಬುದು ಕೊಡಗಿನಲ್ಲಿ ಸಣ್ಣ ಪ್ರಶ್ನೆಯಲ್ಲ. ಜೂನ್‌ನಲ್ಲಿ ಕೋರಂ ಇಲ್ಲದೆ ವ್ಯರ್ಥವಾದ ಆ ಸಂಜೆ ಒಂದು ಹಾಳೆಯ ಮೇಲೆ ಜೆಲ್ ಪೆನ್ನು, ಇಂಕ್ ಪೆನ್ನು, ಬಾಲ್ ಪೆನ್ನುಗಳಲ್ಲಿ ಗೀಚಿ, ಗೋದಾಮಿನ ಕಿಟಕಿಯ ದಂಡೆಯ ಮೇಲೆ ಎರಚಲು ತಾಗುವಂತೆ ಇಟ್ಟುಬಂದಿದ್ದೆ. ಕೆಲವು ವಾರದ ನಂತರ ಇಂಕ್ ಪೆನ್ನಿನದು ನೀಲಿ ಕಲೆಯಾಗಿತ್ತು, ನಾನು ಇಟ್ಟ ಜೆಲ್ ಪೆನ್ನಿನದು ಹರಡಿತ್ತು, ಬಾಲ್ ಪೆನ್ನಿನದು ಅಲುಗಾಡಿರಲಿಲ್ಲ. ಈಗ ನಮ್ಮ ಪುಸ್ತಕಕ್ಕೆ ಬಾಲ್ ಪೆನ್ನು ಮಾತ್ರ. ಪುಸ್ತಕದ ಕೊನೆಯ ಪುಟದಲ್ಲಿ ತಿದ್ದುಪಡಿಗಳ ಸೂಚಿಯೊಂದನ್ನೂ ಆರಂಭಿಸಿದ್ದೇನೆ. ಸದ್ಯಕ್ಕೆ ಅದರಲ್ಲಿ ಇರುವುದು ಒಂದೇ ಸಾಲು.

ಬ್ಯಾಂಕಿಗೆ ಹೊಸ ಪ್ರತಿಯೊಂದನ್ನೇ ಕೊಡಲಿಲ್ಲ. ಅಂಚಿನ ಟಿಪ್ಪಣಿಯಿರುವ ಫೆಬ್ರವರಿ ಪುಟ, ಜುಲೈ ಠರಾವು, ತುಲನಾತ್ಮಕ ಪಟ್ಟಿ, ಮೂರನ್ನೂ ಒಟ್ಟಿಗೆ ದಾರ ಕಟ್ಟಿ, ಪ್ರತಿ ಹಾಳೆಗೂ ಮೊಹರು ಹಾಕಿ ಕೊಟ್ಟೆ. ಅದೇ ಕಟ್ಟು ಪರಿಶೋಧಕರಿಗೂ ಹೋಯಿತು. ಹಿಂದಿನ ಪ್ರತಿ ಹೋಗಿದ್ದ ಕಡೆಗೆಲ್ಲ ತಿದ್ದುಪಡಿಯೂ ಹೋಗಲೇಬೇಕು, ಇಲ್ಲದಿದ್ದರೆ ಇಷ್ಟು ಮಾಡಿದ್ದೂ ನಮ್ಮ ಕಪಾಟಿನೊಳಗಿನ ಸಮಾಧಾನವಷ್ಟೇ. ವಾರದೊಳಗೆ ಕಂತು ಬಂತು, ಕೈಗಡ ತೀರಿತು. ಆ ವರ್ಷದ ಪರಿಶೋಧನಾ ವರದಿಯಲ್ಲಿ ಈ ಬಗ್ಗೆ ಆಕ್ಷೇಪಣೆ ಬರಲಿಲ್ಲ. ಖಜಾಂಚಿ ಅಂದಿನಿಂದ ವೈಟ್ನರ್ ಮಾತೆತ್ತಿಲ್ಲ.

ಇದರ ಮಿತಿ ಗೊತ್ತಾದದ್ದು ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ. ಗೋದಾಮಿನ ಕಾವಲುಗಾರರ ಸಂಬಳವನ್ನು ಏಪ್ರಿಲ್‌ನಿಂದ ಏರಿಸಲು ತೀರ್ಮಾನಿಸಿದ್ದೆವು. ‘ಅದು ಜೂನ್‌ನಿಂದ ಎಂದಾಗಬೇಕಿತ್ತು, ಅದನ್ನೂ ತಿದ್ದಿ ಓದಿಕೊಳ್ಳೋಣ’ ಎಂದು ಇಬ್ಬರು ಸದಸ್ಯರು ಬಂದರು. ಕರಡು ತೆಗೆದು ನೋಡಿದೆ. ಅಲ್ಲೂ ಏಪ್ರಿಲ್ ಎಂದೇ ಇತ್ತು, ಚರ್ಚೆಯ ಟಿಪ್ಪಣಿಯಲ್ಲೂ ಹಾಗೆಯೇ. ಅಂದರೆ ದಾಖಲೆ ಸರಿಯಾಗಿಯೇ ಇದೆ, ಬದಲಾಗಿರುವುದು ಇವರ ಮನಸ್ಸು. ಹಾಗಿದ್ದಲ್ಲಿ ಹಳೆಯ ಠರಾವನ್ನು ರದ್ದುಮಾಡುವ ಹೊಸ ಠರಾವು ಬೇಕು, ಕೊಟ್ಟ ಸಂಬಳ ವಾಪಸು ಕೇಳುತ್ತೇವೆಂದು ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು, ಅದಕ್ಕೆ ಸೂಚಕರಾಗಿ ಸಹಿ ಹಾಕಬೇಕು. ಇಬ್ಬರಿಗೂ ಅದನ್ನೇ ಹೇಳಿದೆ. ಆ ವಿಷಯ ಇನ್ನೂ ಯಾವ ಕಾರ್ಯಸೂಚಿಗೂ ಬಂದಿಲ್ಲ.