ಗ್ಯಾಂಟ್ ಚಾರ್ಟೋ, ಕ್ಯಾಲೆಂಡರೋ? ಎರಡು ದಿನ ತಡ ಮಾಡಿ ನೋಡಿ

ಕೆಲಸಗಳ ಪಟ್ಟಿ ಮುಂದಿಟ್ಟುಕೊಂಡು ಒಂದೊಂದಕ್ಕೂ ಈ ಪ್ರಶ್ನೆ ಕೇಳಿ: ಇದು ಎರಡು ದಿನ ತಡವಾದರೆ ಬೇರೆ ಯಾವ ಕೆಲಸ ಮುಂದಕ್ಕೆ ಹೋಗುತ್ತದೆ? ಬಹುಪಾಲು ಕೆಲಸಗಳಿಗೆ ‘ಯಾವುದೂ ಇಲ್ಲ’ ಅನ್ನೋದೇ ಉತ್ತರವಾದರೆ ಕ್ಯಾಲೆಂಡರ್ ಸಾಕು. ಒಂದೊಂದು ಕೆಲಸವನ್ನೂ ಅದರ ದಿನಗಳಷ್ಟು ಉದ್ದದ ಅಡ್ಡ ಪಟ್ಟಿಯಾಗಿ ಎಳೆದು, ಒಂದಕ್ಕೊಂದು ಕೊಂಡಿ ಹಾಕುವ ಗ್ಯಾಂಟ್ ಚಾರ್ಟ್ ಸುಮ್ನೆ ತಲೆನೋವು.

ಈಗ ಹೊಸ ವೆಬ್‌ಸೈಟ್ ಒಂದನ್ನು ತೆಗೆದುಕೊಳ್ಳಿ. ಬರಹಕ್ಕೆ 5 ದಿನ, ಡಿಸೈನ್‌ಗೆ 8 ದಿನ. ಎರಡೂ ಒಂದೇ ದಿನ ಶುರು. ಎರಡೂ ಮುಗಿದ ಮೇಲೆ ಕೋಡಿಂಗ್ 6 ದಿನ, ಆಮೇಲೆ ಟೆಸ್ಟಿಂಗ್ 3 ದಿನ, ಕೊನೆಗೆ ಏನಾದರೂ ತಡವಾದರೆ ಇರಲಿ ಅಂತ 3 ದಿನ ಬಫರ್. ಒಟ್ಟು 20 ಕೆಲಸದ ದಿನ. 21ನೇ ದಿನ ಬಿಡುಗಡೆ.

ಬರಹ 2 ದಿನ ತಡವಾದರೆ ಏನೂ ಆಗುವುದಿಲ್ಲ. ಹೇಗೂ ಡಿಸೈನ್ ಮುಗಿಯುವವರೆಗೆ ಕೋಡಿಂಗ್ ಕಾಯಬೇಕು. ಡಿಸೈನ್ 2 ದಿನ ತಡವಾದರೆ ಮಾತ್ರ ಕೋಡಿಂಗ್, ಟೆಸ್ಟಿಂಗ್ ಎರಡೂ ಸರಿದು, ಬಫರ್‌ನಲ್ಲಿ ಉಳಿಯುವುದು ಒಂದೇ ದಿನ. ಕ್ಯಾಲೆಂಡರ್‌ನಲ್ಲಿ ಈ ಎರಡು ತಡಗಳೂ ಒಂದೇ ಥರ ಕಾಣುತ್ತವೆ. ಬಫರ್ ಅಂತೂ ಖಾಲಿ ಮನೆಗಳಾಗಿ ಕಾಣುತ್ತದೆ. ಖಾಲಿ ಕಂಡರೆ ಯಾರಾದರೂ ಅಲ್ಲಿ ಮೀಟಿಂಗ್ ಇಡದೆ ಬಿಡುತ್ತಾರಾ?

ಹಾಗಾಗಿ ಇಂಥ ಕೆಲಸಕ್ಕೆ ಗ್ಯಾಂಟ್ ಬೇಕು. ಮೊದಲು ಶನಿವಾರ, ಭಾನುವಾರ ಮತ್ತು ರಜೆಗಳನ್ನು ಗುರುತು ಮಾಡಿ. ಆಮೇಲೆ ಕೆಲಸಗಳ ಅವಧಿ ಹಾಕಿ, ಒಂದರ ಕೊನೆಯನ್ನು ಇನ್ನೊಂದರ ಶುರುವಿಗೆ ಜೋಡಿಸಿ. ಕೆಲಸಗಳ ತಾರೀಖನ್ನು ಕೈಯಾರೆ ಬರೆಯಬೇಡಿ, ಬರೆದರೆ ಕೊಂಡಿ ಇದ್ದೂ ಇಲ್ಲದಂತೆ. ಬಫರನ್ನು ಪ್ರತಿ ಕೆಲಸದೊಳಗೆ ಸ್ವಲ್ಪ ಸ್ವಲ್ಪ ಬಚ್ಚಿಡದೆ, ಟೆಸ್ಟಿಂಗ್ ಮತ್ತು ಬಿಡುಗಡೆಯ ನಡುವೆ ಅದರದೇ ಹೆಸರಿನ ಪಟ್ಟಿಯಾಗಿ ಇಡಿ.

ಎಡವುವುದು ಇಲ್ಲೇ ಜಾಸ್ತಿ. ಸಾಮಾನ್ಯವಾಗಿ ಈ ಪಟ್ಟಿ ತಾನಾಗಿ ಕುಗ್ಗುವುದಿಲ್ಲ. ಡಿಸೈನ್ ತಡವಾದಾಗ 3 ದಿನದ ಬಫರ್ ಹಾಗೇ ಮುಂದೆ ಸರಿದು, ಬಿಡುಗಡೆಯನ್ನು 23ನೇ ದಿನಕ್ಕೆ ತಳ್ಳುತ್ತದೆ. ಬಿಡುಗಡೆ ಸರಿದದ್ದು ಕಂಡ ಕೂಡಲೇ ಬಫರನ್ನು 3ರಿಂದ 1ಕ್ಕೆ ಇಳಿಸಿ. ಬಿಡುಗಡೆ ಮತ್ತೆ 21ಕ್ಕೆ ಬರುತ್ತದೆ.

ಜೊತೆಗೆ ಒಂದು ಲೆಕ್ಕ ನೋಡಿ. 8 ದಿನದ ಡಿಸೈನ್ 10ನೇ ದಿನ ಮುಗಿಯಿತು. ಡಿಸೈನ್, ಕೋಡಿಂಗ್, ಟೆಸ್ಟಿಂಗ್ ಸೇರಿದ ಉದ್ದದ ದಾರಿಯ 17 ದಿನಗಳ ಕೆಲಸದಲ್ಲಿ 8 ದಿನದ್ದು, ಅಂದರೆ ಅರ್ಧಕ್ಕಿಂತ ಕಡಿಮೆ ಮುಗಿದಿದೆ. ಬಫರ್ ಮಾತ್ರ ಮೂರರಲ್ಲಿ ಎರಡು ಪಾಲು ಖಾಲಿ. ಕೋಡಿಂಗ್‌ಗೆ ಇನ್ನೊಬ್ಬರನ್ನು ಹಾಕಬೇಕಾ, ಯಾವುದಾದರೂ ಪುಟ ಬಿಡಬೇಕಾ ಅಂತ ಮಾತಾಡಬೇಕಾದದ್ದು ಆವತ್ತೇ, ಟೆಸ್ಟಿಂಗ್ ವಾರದಲ್ಲಲ್ಲ.

ಹಾಗಂತ ಕ್ಯಾಲೆಂಡರನ್ನು ಬಿಸಾಡಬೇಡಿ. ಬರಹ ಬರೆಯುವವರಿಗೆ ಬೇಕಾದದ್ದು ತಮ್ಮ ತಾರೀಖು ಮಾತ್ರ. ಯಾರ ರಜೆ ಟೆಸ್ಟಿಂಗ್ ದಿನದ ಮೇಲೇ ಬಿದ್ದಿದೆ ಅನ್ನುವುದೂ ಅಲ್ಲೇ ಬೇಗ ಕಾಣುತ್ತದೆ. ತಂಡಕ್ಕೆ ಅದನ್ನೇ ಕೊಡಿ, ಆದರೆ ಬರೀ ನೋಡುವುದಕ್ಕೆ. ತಾರೀಖು ಬದಲಿಸುವುದೇನಿದ್ದರೂ ಗ್ಯಾಂಟ್‌ನಲ್ಲೇ ಆಗಲಿ.