ಎರಡು ಟನ್ನಲ್ಲ, ಹತ್ತೊಂಬತ್ತು: ಇಳಿಜಾರು ಹೊಲದ ಮಣ್ಣಿನ ಲೆಕ್ಕ ಕೂಡಿಬಂದದ್ದು ಹೀಗೆ

ಚಿಂತಾಮಣಿ ಕಡೆಯ ಕೆಂಪು ಮರಳುಮಿಶ್ರಿತ ಮಣ್ಣಿನ ರಾಗಿ ಹೊಲ. ಇಳಿಜಾರು ಶೇ. 4, ನೀರು ಹರಿಯುವ ಉದ್ದ 60 ಮೀಟರ್, ವರ್ಷದ ಮಳೆ ಹೆಚ್ಚುಕಡಿಮೆ 750 ಮಿ.ಮೀ. ವರ್ಷಕ್ಕೆ ಎಷ್ಟು ಮಣ್ಣು ಕೊಚ್ಚಿಹೋಗುತ್ತದೆಂದು ಹೇಳುವ ಅಮೆರಿಕದ ಸೂತ್ರ A = R·K·LS·C·P: A ಸವೆತ, R ಮಳೆಯ ಹೊಡೆತ, K ಮಣ್ಣು ಸವೆಯುವ ಗುಣ, LS ಇಳಿಜಾರು ಮತ್ತು ಅದರ ಉದ್ದ, C ಬೆಳೆಯ ಹೊದಿಕೆ, P ಅಡ್ಡ ಬಿತ್ತನೆಯಂಥ ತಡೆ. ಅದನ್ನು ಹಾಕಿದಾಗ ಮೊದಲು ಬಂದ ಉತ್ತರ ಹೆಕ್ಟೇರಿಗೆ ಎರಡು ಟನ್. ಪ್ರತಿ ಮಳೆಗೂ ಕೊರಕಲು ಬೀಳುವ ಹೊಲಕ್ಕೆ ಎರಡು ಟನ್ ಅಂದರೆ ಯಾರಾದರೂ ನಗುತ್ತಾರೆ, ನಕ್ಕರು ಕೂಡ. "ಅಮೆರಿಕದ ಸೂತ್ರ ಅಮೆರಿಕದ ಹೊಲಕ್ಕೇ ಸರಿ" ಅಂದರು. ಸೂತ್ರದ್ದೇನೂ ತಪ್ಪಿರಲಿಲ್ಲ, ತಪ್ಪಿದ್ದು ಅಳತೆಯ ಮಾನದಲ್ಲಿ.

ನಮ್ಮಲ್ಲಿ ಎಲ್ಲರೂ ಬಳಸುವ R = 79 + 0.363 × ಮಳೆ ಎಂಬ ಸಮೀಕರಣ ಹಳೆಯ ಮೆಟ್ರಿಕ್ ಮಾನದ್ದು, ಟನ್-ಮೀಟರ್ ಲೆಕ್ಕದ್ದು. 750 ಮಿ.ಮೀ.ಗೆ 351 ಬರುತ್ತದೆ. ಈಗಿನ ವರದಿಗಳಲ್ಲಿ ಸಿಗುವ K ಮಾತ್ರ ಮೆಗಾಜೂಲ್ ಮಾನದ್ದು, 0.02 ಆಸುಪಾಸಿನದು. ಎರಡನ್ನೂ ಹಾಗೇ ಗುಣಿಸಿದರೆ ಉತ್ತರ ಸುಮಾರು ಹತ್ತು ಪಟ್ಟು ಕುಗ್ಗುತ್ತದೆ. 351ನ್ನು 9.81ರಿಂದ ಗುಣಿಸಿ 3,450 ಮಾಡಿಕೊಳ್ಳಿ, ಇಲ್ಲವೇ ಅಮೆರಿಕನ್ ಮಾನದ K ಅನ್ನು 1.292ರಿಂದ ಗುಣಿಸಿ 351ರ ಜತೆಗೇ ಬಿಡಿ. ಯಾವುದಾದರೂ ಸರಿ, ಬೆರಕೆ ಬೇಡ. ಪತ್ತೆ ಹಚ್ಚುವುದು ಸುಲಭ: R ನೂರುಗಳಲ್ಲಿದ್ದು K 0.05ಕ್ಕಿಂತ ಕಡಿಮೆ ಇದ್ದರೆ ಅಲ್ಲೇ ನಿಂತು ಮತ್ತೊಮ್ಮೆ ನೋಡಿ.

ಹದಿನೈದು ನಿಮಿಷಕ್ಕೊಮ್ಮೆ ದಾಖಲಿಸುವ ಮಳೆಮಾಪಕದ ಮೂರು ವರ್ಷದ ಅಂಕಿಗಳಿಂದ ಮಳೆ ಮಳೆಗೂ EI30 ಕಟ್ಟಿದಾಗ, ಅಂದರೆ ಮಳೆಯ ಶಕ್ತಿಯನ್ನು ಅದರ ಅತಿ ಜೋರಾದ ಅರ್ಧ ಗಂಟೆಯ ವೇಗದಿಂದ ಗುಣಿಸಿ ಕೂಡಿದಾಗ, ವರ್ಷದ ಸರಾಸರಿ R 3,300 ಬಂತು. ಸಮೀಕರಣದ 3,450ಕ್ಕೆ ಇದು ಇಷ್ಟು ಹತ್ತಿರ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಒಂದು ಸಂಜೆಯ ಮಳೆ ನೋಡಿ: ನಾಲ್ಕು ಕಾಲುಗಂಟೆಗಳಲ್ಲಿ 12, 18, 6, 4 ಮಿ.ಮೀ. ಶಕ್ತಿ ಒಟ್ಟು ಹೆಕ್ಟೇರಿಗೆ 10.58 ಮೆಗಾಜೂಲ್, ಅತಿ ಜೋರಾದ ಅರ್ಧ ಗಂಟೆಯ ವೇಗ ಗಂಟೆಗೆ 60 ಮಿ.ಮೀ., ಗುಣಿಸಿದರೆ 635. ಇಡೀ ವರ್ಷದ ಐದನೇ ಒಂದು ಭಾಗ ಆ ಒಂದೇ ಗಂಟೆಯಲ್ಲಿ ಮುಗಿದಿತ್ತು. ಅದಕ್ಕೇ ಒಂದು ವರ್ಷದ ಅಂಕಿ ಹಿಡಿದು R ಹೇಳಬಾರದು.

ಎರಡನೇ ಪೆಟ್ಟು K ಕೊಟ್ಟಿತು. ಮಣ್ಣು ಪರೀಕ್ಷೆಗೆ ದುಡ್ಡು ಕಟ್ಟಿ ತಂದ ವರದಿಯಲ್ಲಿ ಜೇಡಿ 18, ಗೋಡು 12, ಉಳಿದದ್ದೆಲ್ಲ ಮರಳು. ಅದನ್ನೇ ಹಾಕಿದರೆ K 0.086, ಅಮೆರಿಕನ್ ಮಾನದಲ್ಲಿ. ನಮ್ಮ ಎಷ್ಟೋ ಪ್ರಯೋಗಾಲಯಗಳು ಗೋಡನ್ನು 0.02 ಮಿ.ಮೀ.ಗೆ ಮುಗಿಸಿ ಅದರ ಮೇಲಿನದನ್ನೆಲ್ಲ ಮರಳು ಅನ್ನುತ್ತವೆ. ಈ ಸೂತ್ರಕ್ಕೆ ಬೇಕಾದದ್ದು 0.1 ಮಿ.ಮೀ.ವರೆಗಿನ ಗೋಡು ಮತ್ತು ಅತಿ ಸಣ್ಣ ಮರಳು ಎರಡೂ ಸೇರಿ, ಯಾಕೆಂದರೆ ನೀರು ಮೊದಲು ಎತ್ತಿಕೊಂಡು ಹೋಗುವುದು ಅದನ್ನೇ. ಇದಕ್ಕೆ ದುಬಾರಿ ಪರೀಕ್ಷೆ ಬೇಕಿಲ್ಲ. 2 ಮಿ.ಮೀ. ಜರಡಿ ದಾಟಿದ ಒಣ ಮಣ್ಣು 50 ಗ್ರಾಂ ತೂಗಿ, ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಚೆನ್ನಾಗಿ ಕಲಕಿ 106 ಮೈಕ್ರಾನ್ ಜರಡಿಯ ಮೇಲೆ ನೀರು ತಿಳಿಯಾಗುವ ತನಕ ತೊಳೆಯಿರಿ. ಮೇಲುಳಿದದ್ದನ್ನು ಒಣಗಿಸಿ ತೂಗಿದರೆ ಕೆಳಗೆ ಹೋದದ್ದು ಗೊತ್ತಾಗುತ್ತದೆ, ಅದರಲ್ಲಿ ಜೇಡಿ ಕಳೆಯಿರಿ. ಇಲ್ಲಿ 12 ಇದ್ದದ್ದು 25 ಆಯಿತು:

```
M = 25 × (100 − 18) = 2050
100K = 0.00021 × M^1.14 × (12 − 0.8) + 3.25(2 − 2) + 2.5(4 − 3)
K = 0.165  →  × 0.1317 = 0.0217
```

ಸಾವಯವ ಅಂಶ ಶೇ. 0.8, ಮಣ್ಣಿನ ರಚನೆಯ ದರ್ಜೆ 2. ನೀರಿಳಿಯುವ ದರ್ಜೆಗೆ 3ರ ಬದಲು 4 ಹಾಕಿರುವುದು ಮಳೆ ನಿಂತ ಮೇಲೆ ಈ ಮಣ್ಣು ಮೇಲೆ ಹೆಪ್ಪುಗಟ್ಟುತ್ತದೆ ಅಂತ.

LS ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಪಗ್ರಹದ ಎತ್ತರದ ಅಂಕಿ 30 ಮೀಟರ್ ಚೌಕದ್ದು, 60 ಮೀಟರ್ ಹೊಲಕ್ಕೆ ಎರಡೇ ಚೌಕ. ಲೆವೆಲ್ ಪೈಪು ಹಿಡಿದು ಹತ್ತು ಹತ್ತು ಮೀಟರಿಗೆ ಅಳೆಯುವುದೇ ಗಟ್ಟಿ. ಉದ್ದ ಶುರುವಾಗುವುದು ನೀರು ಹರಿಯಲು ಶುರುವಾದ ಕಡೆ, ನಿಮ್ಮ ಎಲ್ಲೆಕಲ್ಲಿನಿಂದಲ್ಲ. ಮೇಲಿನ ಹೊಲದವರ ಬದು ಒಡೆದಿದ್ದರೆ ಅವರ ಹೊಲವೂ ನಿಮ್ಮ ಉದ್ದಕ್ಕೆ ಸೇರುತ್ತದೆ. ಇಲ್ಲಿ ಉದ್ದಕ್ಕೆ ಘಾತ 0.4 ಇಟ್ಟು LS 0.524.

C ವಿಷಯಕ್ಕೆ ರಾಗಿಗೆ ಇಂತಿಷ್ಟು ಅಂತ ಪಟ್ಟಿಯಿಂದ ಒಂದೇ ಅಂಕಿ ಎತ್ತಿ ಹಾಕುವುದು ಸೋಮಾರಿತನ. ಇಲ್ಲಿ ಏಪ್ರಿಲ್‌ನಿಂದ ಜುಲೈ ಮಧ್ಯದವರೆಗೆ ಹೊಲ ಉತ್ತು ಬರಿದಾಗಿರುತ್ತದೆ, ವರ್ಷದ ಮಳೆಯ ಹೊಡೆತದ ಶೇ. 30 ಅದರ ಮೇಲೇ ಬೀಳುತ್ತದೆ. ಪೈರು ಎಳೆಯದಿದ್ದಾಗ 15, ತೆಂಡೆಯೊಡೆದು ನೆಲ ಮುಚ್ಚಿದ ಮೇಲೆ ಕೊಯ್ಲಿನ ತನಕ 45, ಕೂಳೆಯ ಮೇಲೆ 10. ಬರಿನೆಲಕ್ಕೆ ಹೋಲಿಸಿದ ಸವೆತ ಕ್ರಮವಾಗಿ 0.8, 0.6, 0.3, 0.4. ಗುಣಿಸಿ ಕೂಡಿದರೆ 0.505, ಅಂದರೆ ಅರ್ಧ. ಈ ನಾಲ್ಕು ಅನುಪಾತಗಳನ್ನು ಫೋಟೊಗಳಿಂದ ಹೇಗೆ ತೆಗೆದದ್ದು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕೂರಿಗೆ ಸಾಲು ಇಳಿಜಾರಿನ ಉದ್ದಕ್ಕೇ ಇದ್ದುದರಿಂದ P = 1.

3300 × 0.0217 × 0.524 × 0.5 = 18.8 ಟನ್. ಈ ಮಣ್ಣಿನಲ್ಲಿ ಒಂದು ಮಿ.ಮೀ. ಪದರ ಅಂದರೆ ಹೆಕ್ಟೇರಿಗೆ ಸುಮಾರು 14 ಟನ್, ಹಾಗಾಗಿ ವರ್ಷಕ್ಕೆ ಹೋಗುವುದು ಒಂದೂಕಾಲು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಕಂಬಿ ನೆಟ್ಟು ಅಳೆಯಹೋದರೆ ಇದು ಸಿಗುವುದೇ ಇಲ್ಲ. ಮಣ್ಣು ಉಬ್ಬಿ ಇಳಿಯುವುದೇ ಅದಕ್ಕಿಂತ ಹೆಚ್ಚು, ಮೇಲಾಗಿ ಕುಂಟೆ ಹೊಡೆದ ದಿನ ಅರ್ಧ ಕಂಬಿ ಕಿತ್ತು ಬರುತ್ತವೆ.

ನಂಬದವರಿಗೆ ತೋರಿಸಲು ಉಳಿದದ್ದು ಕೊಚ್ಚಿಬಂದ ಮಣ್ಣು ಹಿಡಿಯುವ ಗುಂಡಿ. 4 ಮೀಟರ್ ಅಗಲ, 60 ಮೀಟರ್ ಉದ್ದದ ಪಟ್ಟೆಯನ್ನು ಬೇರ್ಪಡಿಸಿ, ಕೆಳತುದಿಗೆ 60 ಸೆಂ.ಮೀ. ಅಗಲ, ಅರ್ಧ ಮೀಟರ್ ಆಳದ ಕಾಲುವೆ ತೋಡಿ ಒಳಗೆ ಟಾರ್ಪಾಲ್ ಹಾಸುವುದು. ಪಕ್ಕಗಳಿಗೆ ಮೊದಲು ಮಣ್ಣಿನ ಏರಿ ಹಾಕಿದ್ದು ಮೇ ತಿಂಗಳ ಎರಡನೇ ಮಳೆಗೇ ಒಡೆಯಿತು, ಆ ವರ್ಷದ ಲೆಕ್ಕ ದಂಡ. ಆಮೇಲೆ ಒಂದಡಿ ಅಗಲ ಕತ್ತರಿಸಿದ ತಗಡನ್ನು ಮೂರನೇ ಒಂದು ಭಾಗ ನೆಲದಲ್ಲಿ ಹೂತು ನಿಲ್ಲಿಸಿದ್ದು ನಿಂತಿತು. ತಗಡಿಗೆ ಹದಿಮೂರು ಸಾವಿರದಷ್ಟು, ಕೂಲಿಗೆ ನಾಲ್ಕೈದು ಸಾವಿರ. ಸೂತ್ರದ ಪ್ರಕಾರ ಆ ಪಟ್ಟೆಯಿಂದ 450 ಕೆ.ಜಿ. ಬರಬೇಕು. ಒಣಗಿಸಿ ತೂಗಿದಾಗ ಸಿಕ್ಕಿದ್ದು 400ರ ಹತ್ತಿರ. ದೊಡ್ಡ ಮಳೆಗೆ ಕಾಲುವೆ ತುಂಬಿ ಹರಿದು ಜೇಡಿ ನೀರಿನ ಜತೆ ಹೋಗಿಬಿಡುವುದರಿಂದ ಕಡಿಮೆ ಬರುವುದೇ ಸರಿ, ಹೆಚ್ಚು ಬಂದರೆ ತಗಡಿನ ಕೆಳಗೆ ಎಲ್ಲೋ ಹೊರಗಿನ ನೀರು ನುಸುಳುತ್ತಿದೆ ಅಂತ ಹುಡುಕಬೇಕು.

ನಡುವೆ ಇನ್ನೊಂದು ಪಟ್ಟೆಯಲ್ಲಿ ಮೊದಲ ಮಳೆಗೆ ಅಲಸಂದೆ ಚೆಲ್ಲಿ, ರಾಗಿ ಬಿತ್ತುವ ಮುಂಚೆ ಉತ್ತು ಮಣ್ಣಿಗೆ ಸೇರಿಸಿದ್ದಾಯಿತು. ಉತ್ತು ಬರಿದಾಗಿದ್ದ ಅವಧಿಗೆ 0.8 ಇದ್ದದ್ದು 0.5ಕ್ಕೆ ಇಳಿದರೆ C 0.415, ಅಂದರೆ ಮೂರು ಟನ್ ಉಳಿತಾಯ. ಅಕ್ಕಡಿ ಸಾಲಿನ ಲಾಭ ಇಷ್ಟಿಲ್ಲ, ಅದು ಬೆಳೆದು ನೆಲ ಮುಚ್ಚುವ ಹೊತ್ತಿಗೆ ರಾಗಿಯೇ ಮುಚ್ಚಿರುತ್ತದೆ.

20 ಮೀಟರಿಗೊಂದು ಬದು ಹಾಕಿ ಅಡ್ಡಕ್ಕೆ ಬಿತ್ತಿದರೆ ಬದುವಿನಿಂದ LS 0.338, ಅಡ್ಡ ಬಿತ್ತನೆಯಿಂದ P 0.5, ಸವೆತ 6 ಟನ್ನಿಗೆ ಬರುತ್ತದೆ. ಬದುವಿನ ಲಾಭವನ್ನು ಉದ್ದದಲ್ಲಿ ಒಮ್ಮೆ ಕಳೆದು, P ಅಂಕಿಯಲ್ಲಿ ಮತ್ತೆ ಕಳೆದು ಒಂದು ಟನ್ ತೋರಿಸುವ ಯೋಜನಾ ವರದಿಗಳಿವೆ. ಬದುವಿನ ಹಿಂದೆ ನಿಂತ ಹೂಳು ಹೊಲ ದಾಟಿಲ್ಲ ನಿಜ, ಆದರೆ ಅದು ಮೇಲಿನ ಸಾಲುಗಳಿಂದ ಕಿತ್ತು ಬಂದ ಮಣ್ಣೇ.