ರೊಟ್ಟಿ ಚಂದಾ: ಮೊದಲ ಮೆಸೇಜ್‌ನಿಂದ ‘ಇನ್ನು ಸಾಕ್ರೀ’ ಅನ್ನುವವರೆಗೆ

ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಅಕ್ಕ ತಿಂಗಳ ಚಂದಾ ಲೆಕ್ಕದಲ್ಲಿ ಮನೆಮನೆಗೆ ಜೋಳದ ರೊಟ್ಟಿ ಕಳಿಸುತ್ತಾಳೆ. ವಾರಕ್ಕೆ ಎರಡು ಸಲ, ಸಲಕ್ಕೆ 20 ರೊಟ್ಟಿ. ತಿಂಗಳಿಗೆ 8 ಸಲ ಅಂತ ಹಿಡಿದು 1,600 ರೂಪಾಯಿ. ರೊಟ್ಟಿಗೆ ಯಾರೂ ಹೆಸರಿಟ್ಟಿಲ್ಲ. ಆದರೂ ಮೊದಲ ಬೇಸಿಗೆಯಲ್ಲೇ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ಒಂದು ಸಂಜೆ ಅವಳ ಫೋನ್ ಹಿಡಿದು ಹಳೆಯ ಮೆಸೇಜ್‌ಗಳನ್ನೆಲ್ಲ ಓದಿದೆ. ತಪ್ಪು ಒಲೆಯ ಹತ್ತಿರ ಇರಲಿಲ್ಲ, ಫೋನ್‌ನಲ್ಲಿತ್ತು. ಹಾಲು, ನೀರಿನ ಕ್ಯಾನ್, ಊಟದ ಡಬ್ಬಿ, ಯಾವುದನ್ನೇ ಚಂದಾ ಮೇಲೆ ಕೊಡುವವರಾದರೂ ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ.

1. ಸೇರಿದ ಕೂಡಲೇ ಹೋಗುವ ಮೆಸೇಜ್

ಅಕ್ಕನ ಹಳೆಯ ಮೆಸೇಜ್‌ನಲ್ಲಿ ಕೈ ಮುಗಿಯುವ ಚಿತ್ರ ಆರು, ಹೂವು ನಾಲ್ಕು, ‘ನಮ್ಮ ಕುಟುಂಬಕ್ಕೆ ಸ್ವಾಗತ’ ಅಂತ ಒಂದು ಸಾಲು. ಮೊದಲ ರೊಟ್ಟಿ ಯಾವತ್ತು ಬರುತ್ತೆ ಅನ್ನೋದೇ ಇಲ್ಲ! ದುಡ್ಡು ಕೊಟ್ಟವರಿಗೆ ಬೇಕಾಗಿರುವುದು ಅದೊಂದೇ ಅಲ್ವಾ? ಈಗ ಹೋಗುವ ಮೆಸೇಜ್ ಹೀಗಿದೆ:

“ನಮಸ್ಕಾರ ರೀ. ನಿಮ್ಮ ಮೊದಲ ಡಬ್ಬಿ ಬುಧವಾರ ಸಂಜೆ 6ರಿಂದ 7ರ ಒಳಗೆ ಬರುತ್ತದೆ. ಬೇಡದ ದಿನ ಇದ್ದರೆ ಹಿಂದಿನ ರಾತ್ರಿ 8ರ ಒಳಗೆ ‘ರಜೆ’ ಅಂತ ಕಳಿಸಿ, ಆ ದಿನದ ದುಡ್ಡು ಹಿಡಿಯೋದಿಲ್ಲ. ಪೂರ್ತಿ ನಿಲ್ಲಿಸಬೇಕಾದರೆ ‘ಸಾಕು’ ಅಂತ ಕಳಿಸಿ. ಈ ನಂಬರ್ ಸೇವ್ ಮಾಡಿಕೊಳ್ಳಿ.”

ಬಿಡುವ ದಾರಿಯನ್ನು ಮೊದಲ ದಿನವೇ ಯಾಕೆ ತೋರಿಸಬೇಕು ಅಂತ ಅಕ್ಕ ಜಗಳವಾಡಿದಳು. ತೋರಿಸಿ. ಬಾಗಿಲು ಎಲ್ಲಿದೆ ಅಂತ ಗೊತ್ತಿದ್ದವರು ಆರಾಮಾಗಿ ಕೂತಿರುತ್ತಾರೆ.

ಕೊನೆಯ ಸಾಲನ್ನು ಬಿಡಬೇಡಿ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ ಮೆಸೇಜ್, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ‘ನಾಳೆ ಹಬ್ಬ, ಡಬ್ಬಿ ಇಲ್ಲ’ ಅಂತ ಅಕ್ಕ ಎಲ್ಲರಿಗೂ ಕಳಿಸಿದ್ದಳು. ಸೇವ್ ಮಾಡದವರು ರಾತ್ರಿ 8ರವರೆಗೆ ರೊಟ್ಟಿಗೆ ಕಾದು, ಆಮೇಲೆ ಅನ್ನಕ್ಕಿಟ್ಟರು.

2. ದುಡ್ಡು ಕಟ್ ಆಗುವ ದಿನ

ಆಟೋಪೇ ಇಟ್ಟರೆ ದುಡ್ಡು ಹೋಗುವ 24 ಗಂಟೆ ಮುಂಚೆಯೇ ಗಿರಾಕಿಗೆ ಸೂಚನೆ ಹೋಗಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಆ ಸೂಚನೆಯಲ್ಲಿ ಯಾರ ಹೆಸರು ಕಾಣುತ್ತೆ? ಪೇಮೆಂಟ್ ಕಂಪನಿಯಲ್ಲಿ ನೀವು ನೋಂದಾಯಿಸಿದ ಹೆಸರು. ಅಕ್ಕನ ಡಬ್ಬಿಯ ಮೇಲೆ ರೊಟ್ಟಿ ಅಂಗಡಿ ಹೆಸರು, ಬ್ಯಾಂಕ್ ಮೆಸೇಜ್‌ನಲ್ಲಿ ಭಾವನ ಹೆಸರು. ‘ಇವರ್ಯಾರಪ್ಪ ನನ್ನ 1,600 ಎಳೀತಿರೋದು’ ಅಂತ ಹೆದರಿ ಇಬ್ಬರು ತಮ್ಮ ಯುಪಿಐ ಆ್ಯಪ್‌ನಲ್ಲೇ ಆಟೋಪೇ ರದ್ದು ಮಾಡಿದರು. ಅವರಿಗೆ ರೊಟ್ಟಿ ಬಿಡುವ ಮನಸ್ಸೇ ಇರಲಿಲ್ಲ. ಹಾಗಾಗಿ ಎರಡು ದಿನ ಮುಂಚೆ ನೀವೇ ಒಂದು ಸಾಲು ಬರೆಯಿರಿ: “7ನೇ ತಾರೀಕು 1,600 ಕಟ್ ಆಗುತ್ತದೆ, ಬ್ಯಾಂಕಿನ ಮೆಸೇಜ್‌ನಲ್ಲಿ ಇಂಥವರ ಹೆಸರು ಬರುತ್ತದೆ, ಅದು ನಾವೇ.”

ತಾರೀಕು 7 ಇಡಿ. 1ನೇ ತಾರೀಕು ಇಟ್ಟರೆ ಸಂಬಳ ಬಂದಿರೋದಿಲ್ಲ, ಪೇಮೆಂಟ್ ಫೇಲ್ ಆಗುತ್ತೆ, ಗಿರಾಕಿಗೆ ಮುಜುಗರ. ಮುಜುಗರ ಆದವರು ವಾಪಸ್ ಬರೋದು ಕಷ್ಟ.

ಇನ್ನೊಂದು ಮಾತು. ಚಂದಾ ಲೆಕ್ಕ ನೋಡಿಕೊಳ್ಳೋ ಆ್ಯಪ್ ಮಾರುವವರು ಬರುತ್ತಾರೆ. ನೂರು ಮನೆ ದಾಟುವವರೆಗೆ ಬೇಡ. ವಾಟ್ಸ್ಆ್ಯಪ್ ಬಿಸಿನೆಸ್, ಒಂದು ರೂಲ್ ಪುಸ್ತಕ ಸಾಕು. ಅಕ್ಕ ಕೊಂಡ ಆ್ಯಪ್ ರಜೆ ಹಾಕಿದವರಿಗೂ ‘ನಿಮ್ಮ ಡಬ್ಬಿ ಹೊರಟಿದೆ’ ಅಂತ ಕಳಿಸುತ್ತಿತ್ತು.

3. ನಡುವಿನ ತಿಂಗಳುಗಳು

ಸುಮ್ನಿರಿ. ಡಬ್ಬಿ ತಡವಾದರೆ ಮಾತ್ರ ಹೇಳಿ. ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ನಿಮ್ಮನ್ನು ಮ್ಯೂಟ್ ಮಾಡುತ್ತಾರೆ, ಆಮೇಲೆ ಕೆಲಸದ ಮೆಸೇಜೂ ಕಾಣೋದಿಲ್ಲ.

4. ‘ಬಿಡೋಣವಾ’ ಅಂತ ಅನ್ನಿಸುವ ಹೊತ್ತು

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ‘ಸಾಕು’ ಅನ್ನುವುದಕ್ಕೆ ಎರಡು ಮೂರು ವಾರ ಮುಂಚೆಯೇ ಗುರುತು ಸಿಗುತ್ತದೆ. ಒಂದರ ಹಿಂದೆ ಒಂದು ರಜೆ ಬರುತ್ತದೆ. ಡಬ್ಬಿ ಕೊಡುವ ಹುಡುಗ ‘ಹೋದ ಸಲದ್ದೇ ಇನ್ನೂ ಖಾಲಿ ಆಗಿಲ್ಲಂತ’ ಅನ್ನುತ್ತಾನೆ. ಈ ಮಾತನ್ನು ಹುಡುಗನ ಬಾಯಲ್ಲೇ ಬಿಡಬೇಡಿ, ಅವತ್ತೇ ಪುಸ್ತಕದಲ್ಲಿ ಬರೆದಿಡಿ.

ಸತ್ಯನಾರಾಯಣಪೇಟೆಯ ಒಬ್ಬ ಟೀಚರ್ ಮನೆಯದ್ದು ಇದೇ ಕಥೆ. ಮಗ ಬೆಂಗಳೂರಿಗೆ ಹೋದ, ಮನೆಯಲ್ಲಿ ಉಳಿದವರು ಇಬ್ಬರೇ, ಬರುತ್ತಿದ್ದದ್ದು ಅದೇ 20 ರೊಟ್ಟಿ. ಡಬ್ಬಿ ಮುಗಿಯದೆ ಎರಡು ಸಲ ರಜೆ ಹಾಕಿದರು. ಆಮೇಲೆ ‘ಸಾಕು’ ಅಂದರು. ಅಕ್ಕ ಒಂದೇ ದಿನ ಮೂರು ಸಲ ಫೋನ್ ಹಚ್ಚಿದಳು, “ಯಾಕ್ರೀ ಮೇಡಂ, ರೊಟ್ಟಿ ಚಲೋ ಇರ್ಲಿಲ್ಲೇನ್ರೀ?” ನಾಲ್ಕನೇ ಸಲ ಫೋನ್ ಹೋಗಲೇ ಇಲ್ಲ, ಬ್ಲಾಕ್.

ಎರಡನೇ ರಜೆ ಬಂದ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: “ರೊಟ್ಟಿ ಉಳೀತಾ ಇದೆಯಾ ರೀ?” ‘ಯಾಕೆ’ ಅಂತ ಕೇಳಿದರೆ ಜನ ಕಾರಣ ಹುಡುಕಿ ಹೇಳಬೇಕು. ಇದಕ್ಕೆ ಹೌದು, ಇಲ್ಲ ಅಂದರೆ ಆಯ್ತು. ಉಳಿಯುತ್ತಿದ್ದರೆ ಸಲಕ್ಕೆ 10 ರೊಟ್ಟಿ, 800 ರೂಪಾಯಿಗೆ ಇಳಿಸಿ. ಊರಿಗೆ ಹೊರಟಿದ್ದರೆ ಇಡೀ ತಿಂಗಳು ರಜೆ ಹಾಕಿ. ಏಪ್ರಿಲ್, ಮೇ ಬಿಸಿಲಿಗೆ ಇಲ್ಲಿ ಅರ್ಧ ಓಣಿಯೇ ತವರಿಗೆ ಹೋಗಿರುತ್ತದೆ, ಅದು ಚಂದಾ ಬಿಟ್ಟ ಹಾಗಲ್ಲ. ಎರಡೂ ಅಲ್ಲ, ಬೇಸರ ಬಂದಿದೆ ಅಂದರೆ ಬಿಟ್ಟುಬಿಡಿ.

ರಿಯಾಯಿತಿ ಮಾತ್ರ ಕೊಡಬೇಡಿ. ‘ಬಿಡ್ತೀನಿ’ ಅಂದವರಿಗೆ 200 ರೂಪಾಯಿ ಇಳಿಸಿದರೆ, ಬಾಯಿ ಬಿಡದೆ ಪೂರ್ತಿ ಕೊಡುವವರೇ ಮೋಸ ಹೋದ ಹಾಗೆ. ಓಣಿಯಲ್ಲಿ ಇಂಥ ಸುದ್ದಿ ಹೊತ್ತು ಮುಳುಗುವುದರೊಳಗೆ ಹಬ್ಬುತ್ತದೆ.

5. ‘ಸಾಕು’ ಅಂದ ಮೇಲೆ

ಬಿಡುವ ದಾರಿಯನ್ನು ಬಚ್ಚಿಡುವುದು, ಬೇಕಂತಲೇ ಸುತ್ತಿಸುವುದು ಈಗ ಬರೀ ಕೆಟ್ಟ ಬುದ್ಧಿ ಅಲ್ಲ. ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ವ್ಯಾಪಾರದ 13 ಮೋಸದ ತಂತ್ರಗಳ ಪಟ್ಟಿ ಇದೆ. ಚಂದಾ ಬಲೆ ಅದರಲ್ಲಿ ಒಂದು.

ಒಂದೇ ಉತ್ತರ ಸಾಕು, ಅವತ್ತೇ ಹೋಗಬೇಕು. ಲೆಕ್ಕ ಅದರಲ್ಲೇ ಇರಲಿ. 8 ಡಬ್ಬಿಯಲ್ಲಿ 3 ಹೋಗಿವೆ ಅಂದುಕೊಳ್ಳಿ. ಡಬ್ಬಿಗೆ 200, ಉಳಿದದ್ದು 5: “ಇವತ್ತಿನಿಂದ ನಿಲ್ಲಿಸಿದ್ದೇವೆ. 1,000 ರೂಪಾಯಿ ವಾಪಸ್ ಹಾಕಿದ್ದೇವೆ. ಆಟೋಪೇ ನಮ್ಮ ಕಡೆಯಿಂದ ರದ್ದಾಗಿದೆ, ನಿಮ್ಮ ಯುಪಿಐ ಆ್ಯಪ್‌ನಲ್ಲೂ ಒಮ್ಮೆ ನೋಡಿಕೊಳ್ಳಿ.” ಆಟೋಪೇ ರದ್ದು ಮಾಡುವುದನ್ನು ಮರೆತು ಮುಂದಿನ 7ಕ್ಕೆ ಮತ್ತೆ 1,600 ಎಳೆದರೆ, ಅಲ್ಲಿವರೆಗೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಅದಕ್ಕೇ ಮೊದಲು ರದ್ದು ಮಾಡಿ, ಆಮೇಲೆ ಮೆಸೇಜ್ ಬರೆಯಿರಿ.

ಉಳಿದದ್ದು ಸ್ಟೀಲ್ ಡಬ್ಬಿ. ಅದರ ಡಿಪಾಸಿಟ್ 150 ರೂಪಾಯಿಯನ್ನು ಹುಡುಗನ ಕೈಯಲ್ಲೇ ಕಳಿಸಿ, ಡಬ್ಬಿ ಇಸಿದುಕೊಳ್ಳುವಾಗ ಅಲ್ಲೇ ಕೊಡಲಿ. ಮುಚ್ಚಳ ಸಿಗದಿದ್ದರೂ ಪೂರ್ತಿ ಕೊಡಿ ಅನ್ನೋದು ನನ್ನ ಮಾತು. ಅಕ್ಕ ಇನ್ನೂ ಒಪ್ಪಿಲ್ಲ. “ಲೇ ತಮ್ಮಾ, ಮುಚ್ಚಳಕ್ಕ ನಲವತ್ತು ರೂಪಾಯಿ ಐತಿ” ಅನ್ನುತ್ತಾಳೆ.